ತಾಯಿ ತವರಿನ ಅಡ್ಡಹೆಸರು ಕೇಳಿದ್ರ ಖರೇ ಹೇಳಬಾರದಂತ, ಯಾಕ್ರಿ?

ಸಿಂಧನೂರ_ಭತ್ತ
ಒಂದು ಸಣ್ಣ ಸಂಶಯ. ಇಮೇಲ್‌ಗೆ, ಬ್ಯಾಂಕಿನ ಸೈಟಿಗೆ, ಪರೀಕ್ಷೆ ಅರ್ಜಿಗೆ ಎಲ್ಲಾ ಕಡಿ ಸೆಕ್ಯುರಿಟಿ ಪ್ರಶ್ನಿ ಕೇಳ್ತಾರಲ್ರಿ, ತಾಯಿ ತವರಿನ ಅಡ್ಡಹೆಸರೇನು, ಮೊದಲ ಸಾಲಿ ಯಾವುದು, ಹುಟ್ಟಿದ ಊರು ಯಾವುದು ಅಂತ. ನಾ ಎಲ್ಲಾದಕ್ಕೂ ಖರೇನ ಬರದೀನಿ. ನಿನ್ನೆ ಒಬ್ರು "ಹಂಗ ಖರೇ ಬರೀಬ್ಯಾಡ, ಅದು ಇನ್ನೊಂದು ಪಾಸ್‌ವರ್ಡ್ ಇದ್ದಂಗ" ಅಂದ್ರು. ಪಾಸ್‌ವರ್ಡ್ ಮರೆತಾಗ ನೆನಪಿರ್ಲಿ ಅಂತನ ಅಲ್ಲೇನ್ರಿ ಈ ಪ್ರಶ್ನಿ ಇರೋದು? ಸುಳ್ಳು ಬರದ್ರ ಅದನ್ನೂ ಮರೀತೀವಿ. ತಿಳಿದವರು ಹೇಳ್ರಿ.

ಮಿರ್ಚಿಮಂಡಕ್ಕಿ
ಯಾರ್ರಿ ನಿಮ್ಮ ತಾಯಿ ತವರಿನ ಹೆಸರು ಹುಡುಕ್ಕೊಂಡು ಕುಂದ್ರೋರು 😄 ರಷ್ಯಾದ ಹ್ಯಾಕರ್‌ಗೆ ಕಾರಟಗಿ ಎಲ್ಲೈತಿ ಅಂತ ಗೊತ್ತೈತೇನು?

ಕೀಲಿಕೈ
ರಷ್ಯಾದವನಿಗೆ ಗೊತ್ತಿರಲಿಕ್ಕಿಲ್ಲ. ಪಕ್ಕದ ಓಣಿಯವನಿಗೆ ಗೊತ್ತಿರುತ್ತದೆ, ಈ ಪ್ರಶ್ನೆಗಳ ತೊಂದರೆ ಇರುವುದೇ ಅಲ್ಲಿ.

ಮದುವೆ ಸೀಸನ್‌ನಲ್ಲಿ ವಾಟ್ಸಾಪ್‌ಗೆ ಬಂದ ಯಾವುದಾದರೂ ಲಗ್ನಪತ್ರಿಕೆ ತೆಗೆದು ನೋಡಿ. ನೆತ್ತಿಯ ಮೇಲೆ "ಶ್ರೀ ಹುಲಿಗೆಮ್ಮ ದೇವಿ ಪ್ರಸನ್ನ" ಅಂತ ಇರುತ್ತದೆ. ಅಂದರೆ ಮನೆದೇವರು ಸಿಕ್ಕಿತು. ಅದರ ಕೆಳಗೆ ಅಜ್ಜ, ಅಜ್ಜಿ, ತಂದೆ, ತಾಯಿಯ ಹೆಸರು, ಜೊತೆಗೆ "ಸಾ॥ ಕಾರಟಗಿ". ಊರೂ ಸಿಕ್ಕಿತು. ಇನ್ನೂ ಕೆಳಗೆ ಸಣ್ಣ ಅಕ್ಷರದಲ್ಲಿ "ಸೋದರಮಾವಂದಿರು: ಹಿರೇಮಠ ಬಂಧುಗಳು, ಸಾ॥ ಕನಕಗಿರಿ" ಅಂತ ಒಂದು ಸಾಲು. ಸೋದರಮಾವ ಅಂದರೆ ತಾಯಿಯ ಅಣ್ಣ ಅಥವಾ ತಮ್ಮ. ಅವರ ಅಡ್ಡಹೆಸರೇ ನಿಮ್ಮ ತಾಯಿಯ ತವರಿನ ಅಡ್ಡಹೆಸರು, ಅವರ ಊರೇ ತಾಯಿ ಹುಟ್ಟಿದ ಊರು. ಒಂದೇ ಹಾಳೆಯಲ್ಲಿ ನಾಲ್ಕು ಪ್ರಶ್ನೆಗೆ ಉತ್ತರ, ಅದೂ ನೂರಾರು ಜನರಿಗೆ ನೀವೇ ಕಳಿಸಿದ್ದು. ಅಜ್ಜಿಯ ಹೆಸರು ಏನು ಅಂತ ಕೇಳುವ ಸೈಟಾದರೆ ಐದು.

ಮತದಾರರ ಪಟ್ಟಿಯೂ ಹಾಗೆಯೇ. ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ನಂಬರು, ವಯಸ್ಸು, ಎಲ್ಲವೂ ಯಾರು ಬೇಕಾದರೂ ಇಳಿಸಿಕೊಳ್ಳುವ ಹಾಗೆ ಚುನಾವಣಾ ಅಧಿಕಾರಿಗಳ ಸೈಟಿನಲ್ಲಿದೆ.

ಮಿರ್ಚಿಮಂಡಕ್ಕಿ
ಅಯ್ಯೋ ಶಿವನೇ. ಹೋದ ವಾರ ನಮ್ಮಣ್ಣಂದು ಮೂರು ಗ್ರೂಪಿಗೆ ಹಾಕೀನಿ

ಬಳ್ಳಾರಿ_ಕೋಟೆ
ಪತ್ರಿಕೆ ಇಲ್ದಿದ್ರೂ ನಡಿತೈತೆ ಬಿಡಿ. ನಮ್ ಕಡೆ ಅಡ್ಡಹೆಸರು ಅಂದ್ರೆ ಹಿರೇಮಠ, ಪಾಟೀಲ, ಬಡಿಗೇರ, ಅಂಗಡಿ, ನಾಯಕ, ಕುಂಬಾರ... ನಿಮ್ ಜಾತಿ ಊರು ಗೊತ್ತಿದ್ದೋನು ಐದಾರು ಹೆಸರು ಬರೆದ್ರೆ ಒಂದು ಬಿದ್ದೇ ಬೀಳ್ತೈತೆ. ಇಷ್ಟದ ತಿಂಡಿ ಅಂದ್ರೆ ಉಗ್ಗಾಣಿ ಮಿರ್ಚಿ. ಇಷ್ಟದ ಜಾಗ ಅಂದ್ರೆ ಹಂಪಿ. ಮುಗೀತು.

ಕೊಪ್ಪಳ_ಗವಿ
ಉಗ್ಗಾಣಿ ಅಲ್ರಿ, ಸೂಸಲ.

ಬಳ್ಳಾರಿ_ಕೋಟೆ
ನಿಮ್ಮೂರಾಗೆ ಸೂಸಲ. ಬಳ್ಳಾರಿಗೆ ಬಂದು ಸೂಸಲ ಅಂತ ಕೇಳಿ ನೋಡೋಣ.

ಮಾನ್ವಿ_ಮೇಷ್ಟ್ರು
ಜಗಳ ಆಮೇಲೆ ಆಡ್ರೆಪಾ. ಆದರೆ ಆ ತಿಂಡಿ ಮಾತು ತಮಾಷೆ ಅಲ್ಲ. ಗೂಗಲ್‌ನವರು 2015ರಲ್ಲಿ ತಮ್ಮ ಬಳಕೆದಾರರ ಉತ್ತರಗಳನ್ನು ಅಧ್ಯಯನ ಮಾಡಿ ಒಂದು ಪ್ರಬಂಧ ಪ್ರಕಟಿಸಿದ್ದರು. "ಇಷ್ಟದ ಆಹಾರ" ಅನ್ನುವ ಪ್ರಶ್ನೆಗೆ ಇಂಗ್ಲಿಷ್ ಮಾತಾಡುವವರ ಉತ್ತರವನ್ನು ಒಂದೇ ಒಂದು ಊಹೆಯಲ್ಲಿ ಸರಿಯಾಗಿ ಹೇಳುವ ಸಾಧ್ಯತೆ 19.7 ಶೇಕಡಾ ಬಂತು. ಆ ಊಹೆ ಪಿಜ್ಜಾ. ಇನ್ನೊಂದು ವಿಷಯ ನಮ್ಮ ಸಿಂಧನೂರಿನವರಿಗೆ: ಅಮೆರಿಕದ ಇಂಗ್ಲಿಷ್ ಬಳಕೆದಾರರಲ್ಲಿ 40 ಶೇಕಡಾ ಜನಕ್ಕೆ ಬೇಕಾದ ಹೊತ್ತಿಗೆ ತಾವೇ ಕೊಟ್ಟ ಉತ್ತರ ನೆನಪಾಗಲಿಲ್ಲ. "ನೆನಪಿರಲಿ ಅಂತ ಇರೋ ಪ್ರಶ್ನೆ" ಅನ್ನುವ ವಾದ ಅಲ್ಲಿಗೇ ಬಿದ್ದುಹೋಯಿತು.

ಸಿಂಧನೂರ_ಭತ್ತ
ಖರೇ ಉತ್ತರ ಹೆಂಗ್ ಮರೀತಾರ್ರಿ ಸರ? ಹುಟ್ಟಿದ ಊರು ಮರಿಯೋದುಂಟ?

ಕೀಲಿಕೈ
ಊರು ಮರೆಯುವುದಿಲ್ಲ, ಬರೆದ ಸ್ಪೆಲ್ಲಿಂಗ್ ಮರೆಯುತ್ತೀರಿ. ಬಳ್ಳಾರಿಯಲ್ಲಿ ಹುಟ್ಟಿದವರು 2012ರಲ್ಲಿ ಒಂದು ಖಾತೆ ತೆರೆದರು ಅಂದುಕೊಳ್ಳಿ. ಆಗ ಬರೆದದ್ದು `Bellary`. 2014ರ ನವೆಂಬರ್ 1ರಂದು ಅಧಿಕೃತ ಹೆಸರು `Ballari` ಆಯಿತು. ಇವತ್ತು ಕೈ ತಾನಾಗಿ `Ballari` ಅಂತ ಒತ್ತುತ್ತದೆ. ಸೈಟ್ ತಪ್ಪು ಅನ್ನುತ್ತದೆ. ಮೂರನೇ ಸಲಕ್ಕೋ ಐದನೇ ಸಲಕ್ಕೋ ಬೀಗ. ಸಿಂಧನೂರನ್ನು `Sindhanur` ಅಂತ ಬರೆದಿದ್ದೀರೋ, `Sindhnur` ಅಂತಲೋ, `Sindhanoor` ಅಂತಲೋ? ಶಾಲೆ `GHPS` ಅಂತಲೋ, `Govt Higher Primary School` ಅಂತಲೋ?

ಅಂದರೆ ಪರರಿಗೆ ಊಹಿಸಲು ಸುಲಭ, ನಿಮಗೇ ಮತ್ತೆ ಹಾಗೇ ಬರೆಯಲು ಕಷ್ಟ. ನಿಮ್ಮೂರಿನವನಿಗೆ ನಾಲ್ಕು ಸ್ಪೆಲ್ಲಿಂಗ್ ಪ್ರಯತ್ನಿಸುವ ತಾಳ್ಮೆ ಇದೆ. ತುರ್ತಿನಲ್ಲಿರುವ ನಿಮಗೆ ಇಲ್ಲ.

ಮೊಬೈಲಿನಲ್ಲಿ ಬರೆದಿದ್ದರೆ ಇನ್ನೊಂದು ಕಾಟ ಇದೆ. ಕೀಬೋರ್ಡು ಸೂಚಿಸಿದ ಪದವನ್ನು ಒತ್ತಿದರೆ ಅದು ಕೊನೆಗೆ ಒಂದು ಸ್ಪೇಸ್ ಸೇರಿಸುತ್ತದೆ. ಕೆಲವು ಸೈಟು ಆ ಸ್ಪೇಸನ್ನು ಕತ್ತರಿಸಿ ಇಟ್ಟುಕೊಳ್ಳುತ್ತವೆ, ಕೆಲವು ಹಾಗೇ ಇಟ್ಟುಕೊಳ್ಳುತ್ತವೆ. ಹಾಗೇ ಇಟ್ಟುಕೊಂಡ ಸೈಟಿನಲ್ಲಿ ಮುಂದೆ ಲ್ಯಾಪ್‌ಟಾಪಿನಿಂದ ಅದೇ ಪದ ಬರೆದರೂ ಹೊಂದುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ.

ರಾಯಚೂರು_ಬಿಸಿಲು
ಇದಕ್ಕೆಲ್ಲಾ ಸುಲಭದ ಉಪಾಯ ನಂದು. ಎಲ್ಲಾ ಪ್ರಶ್ನಿಗೂ ಒಂದ ಸುಳ್ಳು ಉತ್ತರ. ಊರು ಕೇಳ್ಲಿ, ನಾಯಿ ಕೇಳ್ಲಿ, ಗುರುಗಳ ಹೆಸರು ಕೇಳ್ಲಿ, ಒಂದ ಪದ. ಮರಿಯೋ ಪ್ರಶ್ನಿನ ಇಲ್ಲ.

ಕೀಲಿಕೈ
ಅರ್ಧ ಸರಿ. ಸುಳ್ಳು ಹೇಳಿದ್ದು ಒಳ್ಳೆಯದು, ಎಲ್ಲಾ ಕಡೆ ಒಂದೇ ಸುಳ್ಳು ಹೇಳಿದ್ದು ಕೆಟ್ಟದ್ದು.

ಪಾಸ್‌ವರ್ಡನ್ನು ಒಳ್ಳೆಯ ಸೈಟುಗಳು ಅರೆದು ಪುಡಿ ಮಾಡಿ ಇಟ್ಟುಕೊಳ್ಳುತ್ತವೆ, ಅವರಿಗೂ ಓದಲು ಬರುವುದಿಲ್ಲ. ಸೆಕ್ಯುರಿಟಿ ಉತ್ತರವನ್ನು ಎಷ್ಟೋ ಕಡೆ ಹಾಗೆ ಇಡುವುದಿಲ್ಲ. ಫೋನಿನಲ್ಲಿ ಕೂತವರು ಪರದೆ ನೋಡಿ "ಸರಿ ಇದೆ" ಅನ್ನಬೇಕಾದರೆ ಅದು ಓದುವ ಹಾಗೇ ಇರಬೇಕಲ್ಲ. 2014ರಲ್ಲಿ ಯಾಹೂದಿಂದ ಸುಮಾರು 50 ಕೋಟಿ ಖಾತೆಗಳ ಮಾಹಿತಿ ಕಳುವಾಯಿತು. 2016ರಲ್ಲಿ ಅವರೇ ಅದನ್ನು ಒಪ್ಪಿಕೊಂಡಾಗ, ಕೆಲವರ ಪ್ರಶ್ನೋತ್ತರಗಳೂ ಅದರಲ್ಲಿದ್ದವು, ಅವುಗಳಲ್ಲಿ ಗುಪ್ತಲಿಪಿಗೆ ಇಳಿಸದೆ ಇದ್ದವೂ ಇದ್ದವು ಅಂತ ಹೇಳಿದರು.

ಈಗ ನಿಮ್ಮ ಒಂದೇ ಪದ ಒಂದು ಕಡೆ ಸೋರಿದರೆ ಹದಿನೈದು ಕಡೆಯ ಬಾಗಿಲು ತೆರೆಯುತ್ತದೆ. ಕಳುವಾದ ಪಾಸ್‌ವರ್ಡನ್ನಾದರೂ ಬದಲಿಸುತ್ತೀರಿ. ಸೆಕ್ಯುರಿಟಿ ಉತ್ತರ ಬದಲಿಸಿದವರನ್ನು ಎಷ್ಟು ಜನರನ್ನು ನೋಡಿದ್ದೀರಿ?

ರಾಯಚೂರು_ಬಿಸಿಲು
ಹಂಗಂದ್ರ ಪ್ರತಿ ಸೈಟಿಗೂ ಹಿಂದ ಸೈಟಿನ ಹೆಸರು ಅಂಟಿಸ್ತೀನಿ ಬಿಡ್ರಿ. ಪದ + ಬ್ಯಾಂಕು, ಪದ + ಇಮೇಲ್.

ಮಾನ್ವಿ_ಮೇಷ್ಟ್ರು
ಒಂದು ನೋಡಿದವನು ಉಳಿದದ್ದನ್ನು ತಾನೇ ಬರೆಯುತ್ತಾನೆ. ಅದೇ ಗೂಗಲ್ ಪ್ರಬಂಧದಲ್ಲಿ ಇದೂ ಇತ್ತು: ಉತ್ತರ ಗಟ್ಟಿ ಮಾಡುತ್ತೇವೆ ಅಂತ ಜನ ಸುಳ್ಳು ಹೇಳುತ್ತಾರೆ, ಆದರೆ ಎಲ್ಲರೂ ಹೆಚ್ಚು ಕಡಿಮೆ ಒಂದೇ ಥರದ ಸುಳ್ಳು ಹೇಳುವುದರಿಂದ ಊಹೆ ಇನ್ನೂ ಸುಲಭ ಆಗುತ್ತದೆ. ತಲೆಯಿಂದ ಹೊಳೆದದ್ದು ಬೇಡ, ದಾಳ ಹಾಕಿ ಬಂದದ್ದು ಬೇಕು.

ಗಂಗಾವತಿ_ಅಕ್ಕ
ಒಂದು ಮಾತು ಕೇಳ್ತೀನಿ, ಬೈಬ್ಯಾಡ್ರಿ. ಬ್ಯಾಂಕಿನ ಫಾರಂನ್ಯಾಗ ತಾಯಿ ಹೆಸರು ಸುಳ್ಳು ಬರದ್ರ ಕೇಸ್ ಆಗಂಗಿಲ್ಲೇನು? ನನ್ನ ಆಧಾರ್‌ನ್ಯಾಗ ಗಂಡನ ಹೆಸರಿನ ಅಕ್ಷರ ತಪ್ಪಾಗಿದ್ದಕ್ಕ ಎಷ್ಟು ಓಡಾಡೀನಿ ಅಂದ್ರ...

ಕೀಲಿಕೈ
ಬೈಯುವ ಮಾತೇ ಇಲ್ಲ ಅಕ್ಕಾರೆ. ಇವೆರಡು ಬೇರೆ ಬೇರೆ, ಇದನ್ನು ಮೊದಲೇ ಹೇಳಬೇಕಿತ್ತು. ಖಾತೆ ತೆರೆಯುವ ಕೆವೈಸಿ ಫಾರಂ, ಆಧಾರ್, ಪ್ಯಾನ್, ಪರೀಕ್ಷೆಯ ಅರ್ಜಿಯಲ್ಲಿ ತಂದೆ ತಾಯಿ ಹೆಸರಿನ ಕಾಲಂ, ಇಲ್ಲೆಲ್ಲ ದಾಖಲೆಯಲ್ಲಿ ಇದ್ದದ್ದೇ ಬರೆಯಬೇಕು, ಒಂದಕ್ಷರವೂ ಹೆಚ್ಚು ಕಡಿಮೆ ಆಗಬಾರದು. ನಾವು ಮಾತಾಡುತ್ತಿರುವುದು ಲಾಗಿನ್ ಮಾಡಿದ ಮೇಲೆ ಒಂದು ಪಟ್ಟಿ ತೋರಿಸಿ "ಇದರಲ್ಲಿ ಮೂರು ಪ್ರಶ್ನೆ ಆರಿಸಿ" ಅನ್ನುತ್ತಾರಲ್ಲ, ಅದರ ಬಗ್ಗೆ ಮಾತ್ರ. ಅಲ್ಲಿ ಬರೆದದ್ದನ್ನು ಯಾರೂ ದಾಖಲೆ ಜೊತೆ ತಾಳೆ ನೋಡುವುದಿಲ್ಲ. ಮೊದಲು ಬರೆದದ್ದೂ ಈಗ ಬರೆದದ್ದೂ ಒಂದೇನಾ ಅಂತ ಮಾತ್ರ ನೋಡುತ್ತದೆ.

ಗಂಗಾವತಿ_ಅಕ್ಕ
ಹಂಗಾದ್ರ ಕಸ್ಟಮರ್ ಕೇರಿಗೆ ಫೋನ್ ಮಾಡಿದ್ರ ತಾಯಿ ಹೆಸರು, ಹುಟ್ಟಿದ ತಾರೀಖು ಕೇಳ್ತಾರಲ್ಲ, ಅದು ಯಾವುದು?

ಕೀಲಿಕೈ
ಅದು ಕೆವೈಸಿಯಲ್ಲಿ ಇದ್ದದ್ದನ್ನೇ ಕೇಳುವುದು. ಅದನ್ನು ನೀವು ಬದಲಿಸಲು ಬರುವುದಿಲ್ಲ. ಆ ಬಾಗಿಲಿಗೆ ನಮ್ಮ ಉಪಾಯ ನಡೆಯುವುದಿಲ್ಲ.

ಬಳ್ಳಾರಿ_ಕೋಟೆ
ಹಂಗಾದ್ರೆ ಮುಂದಿನ ಬಾಗಿಲಿಗೆ ಬೀಗ, ಹಿತ್ತಲ ಬಾಗಿಲು ತೆರೆದೇ ಐತೆ ಅಂದಂಗಾಯ್ತು.

ಕೀಲಿಕೈ
ಒಪ್ಪುತ್ತೇನೆ. ಆದರೆ ಅಂಥ ಕರೆಯಲ್ಲಿ ಸಾಮಾನ್ಯವಾಗಿ ಓಟಿಪಿ, ಕಾರ್ಡಿನ ಸಂಖ್ಯೆ ಅಂತ ಇನ್ನೇನನ್ನೋ ಸೇರಿಸಿ ಕೇಳುತ್ತಾರೆ. ಸೆಕ್ಯುರಿಟಿ ಪ್ರಶ್ನೆ ಒಂದರಿಂದಲೇ ಪಾಸ್‌ವರ್ಡ್ ಬದಲಾಗುವ ಸೈಟುಗಳು ನಿಜವಾದ ಅಪಾಯ. 2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಉಪಾಧ್ಯಕ್ಷ ಅಭ್ಯರ್ಥಿ ಸಾರಾ ಪೇಲಿನ್ ಅವರ ಯಾಹೂ ಮೇಲ್ ಹೋದದ್ದು ಹಾಗೆಯೇ. ಹುಟ್ಟಿದ ದಿನ, ಪಿನ್ ಕೋಡ್, ಗಂಡನನ್ನು ಮೊದಲು ಭೇಟಿಯಾದದ್ದು ಎಲ್ಲಿ, ಇವಿಷ್ಟೇ ಪ್ರಶ್ನೆ. ಕೊನೆಯದರ ಉತ್ತರ ಅವರು ಓದಿದ ಹೈಸ್ಕೂಲು. ಎಲ್ಲವೂ ಸಾರ್ವಜನಿಕವಾಗಿ ಸಿಗುತ್ತಿತ್ತು, ಒಬ್ಬ ಕಾಲೇಜು ಹುಡುಗ ಹುಡುಕಿ ಬರೆದ. ಪಾಸ್‌ವರ್ಡ್ ಎಷ್ಟು ಗಟ್ಟಿ ಇತ್ತು ಅನ್ನುವುದು ಲೆಕ್ಕಕ್ಕೇ ಬರಲಿಲ್ಲ.

ಸಿಂಧನೂರ_ಭತ್ತ
ತಿಳೀತ್ರಿ. ಈಗ ಮಾಡೋದು ಹೆಂಗ, ಬಿಡಿಸಿ ಹೇಳ್ರಿ.

ಕೀಲಿಕೈ
ಕೀಪಾಸ್‌ಎಕ್ಸ್‌ಸಿ ಅನ್ನುವ ಪಾಸ್‌ವರ್ಡ್ ಮ್ಯಾನೇಜರಿನ ಲೆಕ್ಕದಲ್ಲಿ ಹೇಳುತ್ತೇನೆ, ಪಾಸ್‌ವರ್ಡುಗಳನ್ನೆಲ್ಲ ಬೀಗ ಹಾಕಿದ ಒಂದು ಫೈಲಿನಲ್ಲಿ ಇಡುವ ತಂತ್ರಾಂಶ ಅದು, ಪುಕ್ಕಟೆ ಸಿಗುತ್ತದೆ, ಇಂಟರ್ನೆಟ್ ಬೇಡ. ಬಿಟ್‌ವಾರ್ಡನ್ ಇದ್ದವರು ಕಸ್ಟಮ್ ಫೀಲ್ಡ್ ಸೇರಿಸಿ ಬಗೆಯನ್ನು `Hidden` ಅಂತ ಆರಿಸಿಕೊಂಡರೆ ಅದೇ ಕೆಲಸ ಆಗುತ್ತದೆ.

ಆ ಸೈಟಿನ ಎಂಟ್ರಿ ತೆರೆದು `Advanced` ಗೆ ಹೋಗಿ. `Additional attributes` ಅಂತ ಇರುತ್ತದೆ, `Add` ಒತ್ತಿ. ಹೆಸರಿನ ಜಾಗದಲ್ಲಿ ಪ್ರಶ್ನೆಯನ್ನು ಪರದೆ ಮೇಲೆ ಇದ್ದ ಹಾಗೇ ಬರೆಯಿರಿ. "ಶಾಲೆ" ಅಂತ ಚುಟುಕಾಗಿ ಬರೆದರೆ, ಅದೇ ಸೈಟು ಮೊದಲ ಶಾಲೆ, ಹೈಸ್ಕೂಲು ಎರಡನ್ನೂ ಕೇಳಿದಾಗ ಯಾವುದು ಯಾವುದೋ ತಿಳಿಯುವುದಿಲ್ಲ. `Protect` ಗುರುತು ಹಾಕಿದರೆ ಬೆನ್ನ ಹಿಂದೆ ನಿಂತವರಿಗೆ ಉತ್ತರ ಕಾಣುವುದಿಲ್ಲ. ಉತ್ತರವನ್ನು ಪಾಸ್‌ವರ್ಡ್ ಜನರೇಟರಿನ `Passphrase` ಭಾಗದಿಂದ ತೆಗೆಯಿರಿ. ಟರ್ಮಿನಲ್ ರೂಢಿ ಇದ್ದವರು:

```
keepassxc-cli diceware -W 4
```

`cactus yodel oval gravel` ಅಂಥ ನಾಲ್ಕು ಪದ ಬರುತ್ತದೆ. (ಇದನ್ನೇ ಎತ್ತಿಕೊಳ್ಳಬೇಡಿ, ಇಲ್ಲಿ ಎಲ್ಲರೂ ಓದಿಯಾಯಿತು.) ಪಟ್ಟಿಯಲ್ಲಿ 7776 ಪದ ಇವೆ. ನಾಲ್ಕು ಪದ ಆರಿಸಿದರೆ 3,600 ಲಕ್ಷ ಕೋಟಿಗೂ ಮಿಕ್ಕಿದ ಸಾಧ್ಯತೆ. ಮೂರೇ ಪದಕ್ಕೂ 47,000 ಕೋಟಿ, ಐದು ಸಲ ತಪ್ಪಿದರೆ ಬೀಗ ಹಾಕುವ ಸೈಟಿಗೆ ಅದೇ ಧಾರಾಳ. ಪ್ರತಿ ಪ್ರಶ್ನೆಗೂ ಪ್ರತಿ ಸೈಟಿಗೂ ಬೇರೆ ಬೇರೆ ಇರಬೇಕು, ಉದ್ದಕ್ಕಿಂತ ಅದು ಮುಖ್ಯ.

ರಾಯಚೂರು_ಬಿಸಿಲು
ಪದ ಯಾಕ? `x7#Qp!9zL` ಹಂಗ ಹಾಕಿದ್ರ ಇನ್ನೂ ಗಟ್ಟಿ ಅಲ್ಲೇನು?

ಕೀಲಿಕೈ
ಬರೀ ಸೈಟಿನಲ್ಲೇ ಕೇಳುವುದಾದರೆ ಅದೂ ನಡೆಯುತ್ತದೆ. ಫೋನಿನಲ್ಲಿ ಕೇಳುವ ಸಾಧ್ಯತೆ ಇದ್ದರೆ ಬೇಡ. ನಿಮ್ಮ ಹೆಸರು ಹೇಳಿಕೊಂಡು ಕಳ್ಳ ಫೋನ್ ಮಾಡುತ್ತಾನೆ. "ಮೊದಲ ಶಾಲೆ ಯಾವುದು?" ಅಂತ ಕೇಳಿದರೆ "ಅಯ್ಯೋ ಮೇಡಂ, ಅದಕ್ಕೆ ಏನೇನೋ ಕೀಲಿ ಒತ್ತಿಬಿಟ್ಟಿದ್ದೆ" ಅನ್ನುತ್ತಾನೆ. ಆ ಕಡೆಯವರ ಪರದೆಯಲ್ಲಿ ಕಾಣುವುದೂ ಏನೇನೋ ಕೀಲಿಯೇ. ಹೌದಲ್ಲ ಅಂತ ನಕ್ಕು ಒಪ್ಪಿಬಿಡುವ ಅಪಾಯ ಇದೆ. ನಾಲ್ಕು ಪದ ಇದ್ದರೆ ನಾಲ್ಕು ಪದವನ್ನೇ ಹೇಳಬೇಕಾಗುತ್ತದೆ.

ಕೊಪ್ಪಳ_ಗವಿ
ನಮ್ಮವ್ವಗ ಈ ಇಂಗ್ಲಿಷ್ ಪದ ಹೇಳ್ಲಿಕ್ಕೂ ಬರಂಗಿಲ್ಲ. ಕನ್ನಡ ಪದ ಹಾಕಿದ್ರ? ಹೊರಗಿನವರಿಗೆ ತಿಳಿಯಂಗೂ ಇಲ್ಲ.

ಮಾನ್ವಿ_ಮೇಷ್ಟ್ರು
ಹೊರಗಿನವರಿಗೆ ತಿಳಿಯದು ಅನ್ನುವುದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಕಳ್ಳ ಹೊರಗಿನವನೇ ಅಂತ ಯಾರು ಹೇಳಿದ್ದು? ಆದರೆ ಕನ್ನಡದಲ್ಲೇ ದಾಳ ಹಾಕಬಹುದು. ಒಂದು ನೋಟ್‌ಬುಕ್ಕಿನಲ್ಲಿ 216 ಪದ ಬರೆಯಿರಿ: ಒನಕೆ, ಗುದ್ದಲಿ, ಜೋಳ, ಕೌದಿ, ನವಿಲು, ಕಿಟಕಿ, ಹೀಗೆ ಮನೆ ಹೊಲದಲ್ಲಿ ಕಾಣುವಂಥವು. ಪ್ರತಿ ಪದಕ್ಕೆ 111ರಿಂದ 666ರವರೆಗೆ ನಂಬರು ಕೊಡಿ, 1ರಿಂದ 6ರ ಅಂಕಿ ಮಾತ್ರ. ಮೂರು ದಾಳ ಎಸೆದರೆ ಒಂದು ಪದ. ಐದು ಸಲ ಎಸೆದರೆ ಐದು ಪದ. ಆರರ ಹದಿನೈದನೇ ಘಾತ ಆಗುತ್ತದೆ, ಕೀಲಿಕೈ ಹೇಳಿದ ಮೂರು ಇಂಗ್ಲಿಷ್ ಪದಕ್ಕೆ ಕರಾರುವಾಕ್ಕಾಗಿ ಸಮ. ಬಂದ ಪದ ಹಿಡಿಸಲಿಲ್ಲ ಅಂತ ಮತ್ತೆ ಎಸೆಯಬೇಡಿ, ಹಾಗೆ ಮಾಡಿದರೆ ದಾಳದ ಬದಲು ನೀವೇ ಆರಿಸಿದ ಹಾಗಾಗುತ್ತದೆ.

ಕೀಲಿಕೈ
ಮೇಷ್ಟ್ರ ಮಾತಿಗೆ ಒಂದು ಸೇರ್ಪಡೆ. ಬರೆಯುವಾಗ ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ: `onake guddali jola`. ಸ್ಪೆಲ್ಲಿಂಗ್ ಪಟ್ಟಿಯಲ್ಲೇ ಒಮ್ಮೆ ನಿಗದಿ ಆಗಿರಲಿ. ಕನ್ನಡ ಲಿಪಿಯನ್ನು ಎಷ್ಟೋ ಸೈಟು ತೆಗೆದುಕೊಳ್ಳುವುದಿಲ್ಲ, ತೆಗೆದುಕೊಂಡರೂ ಅಪಾಯ. "ಕೊ" ಅನ್ನುವ ಅಕ್ಷರದ ಸ್ವರಚಿಹ್ನೆ ಕಂಪ್ಯೂಟರಿನ ಒಳಗೆ ಒಂದೇ ಸಂಕೇತವಾಗಿಯೂ ಇರಬಹುದು, ಎರಡು ಸಂಕೇತ ಸೇರಿಯೂ ಇರಬಹುದು. ಕಣ್ಣಿಗೆ ಒಂದೇ, ಸೈಟಿಗೆ ಬೇರೆ ಬೇರೆ. ಒಂದು ಕೀಬೋರ್ಡಿನಿಂದ ಬರೆದ "ಕೊಪ್ಪಳ" ಇನ್ನೊಂದರಿಂದ ಬರೆದ "ಕೊಪ್ಪಳ"ಕ್ಕೆ ಹೊಂದದೆ ಹೋಗಬಹುದು.

ಕೊಪ್ಪಳ_ಗವಿ
ನಮ್ಮೂರ ಹೆಸರ ಬೇಕಿತ್ತೇನ್ರಿ ಉದಾಹರಣೆಗೆ 😀 ಅವ್ವಗ ದಾಳದ ಉಪಾಯ ಆಗ್ತೈತಿ, ಚೌಕಾಬಾರ ಆಡಾಕಿ. ಬರದು ಎಲ್ಲಿ ಇಡೋದು?

ಮಾನ್ವಿ_ಮೇಷ್ಟ್ರು
ಡೈರಿಯಲ್ಲಿ, ಸೈಟಿಗೊಂದು ಪುಟ: ಪ್ರಶ್ನೆ, ಉತ್ತರ, ಬರೆದ ತಾರೀಖು. ಪತ್ರ ಪಹಣಿ ಇಡುವ ಟ್ರಂಕಿನಲ್ಲಿ ಇರಲಿ. ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಬೇಡಿ, ಅಷ್ಟೇ.

ಲಿಂಗಸುಗೂರು_ನೆಟ್
ಆನ್‌ಲೈನ್ ಸೆಂಟರ್ ಕಡಿಂದ ಒಂದು ಮಾತು. ಅರ್ಜಿ ಹಾಕ್ಲಿಕ್ಕೆ ಬಂದವರ ಪ್ರಶ್ನಿಗೆ ಎಷ್ಟೋ ಸೆಂಟರಿನ ಹುಡುಗರು ಕೇಳದ `abcd` ಅಂತ ಬಡೀತಾರ, ಇಡೀ ದಿನ ಬಂದವರಿಗೆಲ್ಲಾ ಅದ. ನಿಮ್ಮ ಅರ್ಜಿ ಹೊರಗ ಹಾಕಿಸಿದ್ರ, ಮನಿಗೆ ಹೋಗಿ ಲಾಗಿನ್ ಆಗಿ ಪಾಸ್‌ವರ್ಡ್ ಜೊತಿಗೆ ಇದನ್ನೂ ಬದಲಿಸ್ರಿ. ಇನ್ನೊಂದು, ಉತ್ತರದ ಜಾಗ ಪಾಸ್‌ವರ್ಡಿನ ಹಂಗ ಚುಕ್ಕಿ ಚುಕ್ಕಿ ಇರದಿದ್ರ ಬ್ರೌಸರ್ ಅದನ್ನ ಸಾದಾ ಫಾರಂ ಅಂತ ತಿಳ್ಕೊಂಡು ನೆನಪಿಡ್ತದ. ನಿಮ್ಮ ನಂತರ ಬಂದವರು ಮೊದಲ ಅಕ್ಷರ ಒತ್ತಿದ್ರ ಕೆಳಗ ಪೂರ್ತಿ ಉತ್ತರ ಇಳೀತದ. ಮೊಬೈಲ್ ಕೀಬೋರ್ಡೂ ಹಂಗ ಕಲೀತದ.

ಬಳ್ಳಾರಿ_ಕೋಟೆ
ಎಲ್ಲಾ ಉತ್ತರ ಪಾಸ್‌ವರ್ಡ್ ಮ್ಯಾನೇಜರಲ್ಲೇ ಇಟ್ರೆ, ಪಾಸ್‌ವರ್ಡೂ ಅಲ್ಲೇ ಇರ್ತೈತಲ್ಲ. ಅದು ಹೋದ್ರೆ ಎರಡೂ ಹೋದ್ವು. ಹಂಗಿದ್ಮೇಲೆ ರಿಕವರಿ ಪ್ರಶ್ನೆ ಯಾವ ಸುಖಕ್ಕೆ?

ಕೀಲಿಕೈ
ಈ ಥ್ರೆಡ್‌ನಲ್ಲಿ ಬಂದ ಅತಿ ಒಳ್ಳೆಯ ಆಕ್ಷೇಪ. ಹೆಚ್ಚಿನ ಸೈಟುಗಳಿಗೆ ಸುಖ ಏನೂ ಇಲ್ಲ, ಅವರು ಕೇಳುತ್ತಾರೆ ಅಂತ ತುಂಬುತ್ತೇವೆ, ಬಾಗಿಲು ಭದ್ರ ಆಗುತ್ತದೆ, ಅಷ್ಟೇ. ಆದರೆ ಮುಖ್ಯ ಇಮೇಲ್‌ನ ಉತ್ತರಗಳನ್ನು ಕಾಗದದ ಮೇಲೂ ಬರೆದಿಡಿ. ಮ್ಯಾನೇಜರಿನ ಫೈಲನ್ನು ಅದೇ ಇಮೇಲ್ ಖಾತೆಯ ಡ್ರೈವಿನಲ್ಲಿ ಇಟ್ಟು ಫೋನ್ ಕಳೆದುಕೊಂಡರೆ, ಇಮೇಲ್ ತೆರೆಯಲು ಫೈಲ್ ಬೇಕು, ಫೈಲ್ ತರಲು ಇಮೇಲ್ ಬೇಕು. ಪೆಟ್ಟಿಗೆಯ ಕೀಲಿಯನ್ನು ಪೆಟ್ಟಿಗೆ ಒಳಗೇ ಇಟ್ಟ ಹಾಗೆ.

ಬಳ್ಳಾರಿ_ಕೋಟೆ
ಪೂರಾ ಒಪ್ಪಿಗೆ ಆಗ್ಲಿಲ್ಲ. ಅವ್ವ ಅಪ್ಪನಂಥೋರು ಡೈರಿ ಕಳ್ಕೊಂಡ್ರೆ ಖರೇ ಉತ್ತರ ಆದ್ರೂ ಕೈ ಹಿಡಿತಿತ್ತು. ಅವರ ಖಾತೆಲಿ ಇರೋದು ಮೊಮ್ಮಕ್ಕಳ ಫೋಟೋ ಅಷ್ಟೇ.

ಮಾನ್ವಿ_ಮೇಷ್ಟ್ರು
ಫೋಟೋ ಮಾತ್ರ ಇದ್ದರೆ ಹಾಗೇ ಇರಲಿ ಬಿಡಿ. ಪೆನ್ಶನ್ ಬರುವ ಬ್ಯಾಂಕಿಗೆ ಅದೇ ಇಮೇಲ್ ಕೊಟ್ಟಿದ್ದರೆ ನನ್ನ ಮಾತು ಬೇರೆ.

ಮಿರ್ಚಿಮಂಡಕ್ಕಿ
ಅಣ್ಣಾರ, ಗ್ರೂಪಿನ್ಯಾಗ ಹಾಕಿದ ಲಗ್ನಪತ್ರಿಕಿ ಡಿಲೀಟ್ ಮಾಡ್ಲೇನು?

ಕೀಲಿಕೈ
ಮದುವೆಗೆ ಜನ ಬರಬೇಕಲ್ಲ, ಇರಲಿ ಬಿಡಿ. ಅಣ್ಣನ ಉತ್ತರ ಬದಲಿಸಿ. ಅದೇ ಮಾವಂದಿರು ನಿಮಗೂ ಮಾವಂದಿರೇ, ಹಾಗಾಗಿ ನಿಮ್ಮದೂ.

ಸಿಂಧನೂರ_ಭತ್ತ
ಕುಂತು ಮಾಡಿದೆ ನೋಡ್ರಿ. ಇಮೇಲ್ ಆಯ್ತು. ಇನ್ನೊಂದು ಸೈಟು ಸ್ಪೇಸ್ ಹಾಕಿದ್ರ ಕೆಂಪು ತೋರಿಸ್ತದ, ಇಪ್ಪತ್ತು ಅಕ್ಷರ ಮ್ಯಾಲ ಹೋಗಂಗಿಲ್ಲ.

ಕೀಲಿಕೈ
ಸ್ಪೇಸ್ ತೆಗೆದು ಪದ ಜೋಡಿಸಿ, ಇಪ್ಪತ್ತು ಅಕ್ಷರದೊಳಗೆ ಹಿಡಿಯುವ ಮೂರು ಪದಕ್ಕೆ ನಿಲ್ಲಿಸಿ. ಮ್ಯಾನೇಜರಿನಲ್ಲೂ ಜೋಡಿಸಿದ ರೂಪವನ್ನೇ ಇಡಿ. ಕೆಲವು ಸೈಟು ಕೆಂಪು ತೋರಿಸದೆ ಇಪ್ಪತ್ತರ ನಂತರದ್ದನ್ನು ಸದ್ದಿಲ್ಲದೆ ಕತ್ತರಿಸುತ್ತವೆ, ಅದಕ್ಕೇ ಉಳಿಸಿದ ಮೇಲೆ ಲಾಗ್‌ಔಟ್ ಆಗಿ "ಪಾಸ್‌ವರ್ಡ್ ಮರೆತಿದ್ದೇನೆ" ಒತ್ತಿ, ಉತ್ತರ ಹಾಕಿ ಮುಂದಿನ ಪುಟ ಬರುತ್ತದಾ ನೋಡಿ. ಬಂದರೆ ಅಲ್ಲಿಂದಲೇ ವಾಪಸ್ಸು ಬನ್ನಿ, ಪಾಸ್‌ವರ್ಡ್ ಬದಲಿಸುವುದು ಬೇಡ.

ಸಿಂಧನೂರ_ಭತ್ತ
ಬಂತ್ರಿ. ಈಗ ನನ್ನ ಮೊದಲ ಸಾಲಿ ಹೆಸರು ಕೇಳಿದ್ರ ನಮ್ಮ ಮೇಷ್ಟ್ರು ಎದಿ ಒಡಕೊಂತಾರ.

ಕೊಪ್ಪಳ_ಗವಿ
ಬಳ್ಳಾರಿಯವರ, ಅದು ಸೂಸಲನ.